ಹತ್ತು ನಿಮಿಷದ ಮೇಜು, ಸುಟ್ಟ ಮೂರು ಮೋಟಾರ್: ಮುಖ್ಯೋಪಾಧ್ಯಾಯರಿಗೆ ಒಂದು ಬಹಿರಂಗ ಪತ್ರ

ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ ಹಾಗೂ ಎಸ್‌ಡಿಎಂಸಿ ಅಧ್ಯಕ್ಷರು, ಸದಸ್ಯರಿಗೆ,

ಮಾನ್ಯರೇ,

ನಾನು ಮುಧೋಳ ತಾಲೂಕಿನಲ್ಲಿ 22 ವರ್ಷದಿಂದ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಘಟಪ್ರಭಾ ದಂಡೆಯ ಕಬ್ಬಿನ ಗದ್ದೆಗಳ ಪಂಪುಗಳು ಸುಟ್ಟಾಗ ನನ್ನಂಥವರ ಬಾಗಿಲಿಗೆ ಬರುತ್ತವೆ. ಪತ್ರ ಬರೆದು ರೂಢಿ ಇಲ್ಲ. ಬಿಲ್ ಬಿಟ್ಟರೆ ಕೈಯಲ್ಲಿ ಪೆನ್ನು ಹಿಡಿಯುವುದೇ ಕಡಿಮೆ. ಆದರೂ ಈ ವಿಷಯ ಹೇಳದೇ ಇರಲು ಆಗಲಿಲ್ಲ.

ಹೋದ ವರ್ಷ ಒಂದು ಶಾಲೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ವೃತ್ತಿ ಪರಿಚಯ ಕಾರ್ಯಕ್ರಮ ಇಟ್ಟಿದ್ದರು. ಯಾವ ಶಾಲೆ ಅಂತ ಹೇಳುವುದಿಲ್ಲ. ಅಲ್ಲಿನವರ ಮನಸ್ಸು ಒಳ್ಳೆಯದೇ ಇತ್ತು. ಹನ್ನೆರಡು ಮೇಜು, ಒಂದೊಂದು ಮೇಜಿಗೆ ಒಂದೊಂದು ಕೆಲಸ. ಡಾಕ್ಟರು, ಬ್ಯಾಂಕಿನವರು, ಪೊಲೀಸರು, ಟೇಲರ್, ಬಡಗಿ, ಬ್ಯೂಟಿ ಪಾರ್ಲರಿನವರು, ನೇಕಾರರು, ನಾನು, ಹೀಗೆ. 96 ಮಕ್ಕಳನ್ನು ಎಂಟೆಂಟರ ಗುಂಪು ಮಾಡಿ, ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ, ಮೇಜಿನಿಂದ ಮೇಜಿಗೆ ಓಡಿಸಿದರು. ಎರಡು ತಾಸಿನಲ್ಲಿ ಎಲ್ಲ ಮಕ್ಕಳು ಎಲ್ಲ ಮೇಜು ಮುಟ್ಟಿ ಬಂದರು. ಕೊನೆಗೆ ಒಂದು ಹಾಳೆ ಕೊಟ್ಟು "ನೀನು ಏನಾಗಲು ಬಯಸುತ್ತೀಯ?" ಅಂತ ಕೇಳಿ ಟಿಕ್ ಹಾಕಿಸಿಕೊಂಡರು.

ನನ್ನ ಮೇಜಿನಲ್ಲಿ ಏನಾಯ್ತು ಅಂತ ಮೊದಲು ಹೇಳುತ್ತೇನೆ, ಯಾಕಂದರೆ ಅಲ್ಲಿ ತಪ್ಪು ನನ್ನದೇ. ಮಕ್ಕಳಿಗೆ ಕೈಯಿಂದ ಏನಾದರೂ ಮಾಡಿಸಬೇಕು ಅಂದಿದ್ದರು. ನಾನು ಮರದ ಅಚ್ಚು, ತಾಮ್ರದ ತಂತಿ ಒಯ್ದಿದ್ದೆ. ಒಬ್ಬೊಬ್ಬರಿಂದ ಹತ್ತು ಸುತ್ತು ಸುತ್ತಿಸಿದೆ. ಹಾಜರಿ, ಪರಿಚಯಕ್ಕೆ ಎರಡು ನಿಮಿಷ ಹೋಗುತ್ತಿತ್ತು. ಉಳಿದ ಎಂಟು ನಿಮಿಷದಲ್ಲಿ ಮಗುವೊಂದಕ್ಕೆ ಒಂದು ನಿಮಿಷ. ಸುತ್ತಿದರು, ನಕ್ಕರು, ಗಂಟೆ ಬಾರಿಸಿತು, ಹೋದರು. ಸಂಜೆ ಬೈಕ್ ಮೇಲೆ ಮನೆಗೆ ಬರುವಾಗ ಹೊಳೆಯಿತು: ಆ 96 ಮಕ್ಕಳಲ್ಲಿ ಒಬ್ಬರಿಗೂ ನಾನು ದಿನವಿಡೀ ಏನು ಮಾಡುತ್ತೇನೆ ಅನ್ನುವುದೇ ಗೊತ್ತಾಗಿಲ್ಲ. ತಂತಿ ಸುತ್ತುವುದು ನನ್ನ ಕೈಯ ಕೆಲಸ ಹೌದು. ಆದರೆ ಗಿರಾಕಿ ನನಗೆ ದುಡ್ಡು ಕೊಡುವುದು ಸುತ್ತಿದ್ದಕ್ಕಷ್ಟೇ ಅಲ್ಲ. ಮೋಟಾರ್ ಯಾಕೆ ಸುಟ್ಟಿತು ಅಂತ ಸರಿಯಾಗಿ ಹೇಳಿದ್ದಕ್ಕೆ. ಅದನ್ನು ಹೇಳದೆ ಬರೀ ಸುತ್ತಿಕೊಟ್ಟರೆ ಅದೇ ಮೋಟಾರ್ ಹದಿನೈದು ದಿನಕ್ಕೆ ವಾಪಸ್ ಬರುತ್ತೆ, ಜೊತೆಗೆ ಬೈಗುಳವೂ ಬರುತ್ತೆ.

ಉಳಿದ ಮೇಜುಗಳೂ ಹೆಚ್ಚುಕಮ್ಮಿ ಹಾಗೇ ಇದ್ದವು. ಡಾಕ್ಟರ ಮೇಜಿನಲ್ಲಿ ಬಿಳಿ ಕೋಟು ಹಾಕಿಸಿ, ಸ್ಟೆತೊಸ್ಕೋಪ್ ಕೊರಳಿಗೆ ಹಾಕಿ ಫೋಟೋ ತೆಗೆದರು. ಬ್ಯಾಂಕಿನ ಮೇಜಿನಲ್ಲಿ ಚಲನ್ ತುಂಬಿಸಿದರು. ಟೇಲರಮ್ಮನ ಹತ್ತಿರ ಗುಂಡಿ ಹಚ್ಚುವ ಸಾಲು. ಡಾಕ್ಟರು, ಬ್ಯಾಂಕಿನವರು ಫ್ಯಾನ್ ಇರುವ ಹಾಲಿನಲ್ಲಿ, ನಾನು, ಬಡಗಿ, ನೇಕಾರರು ಹೊರಗಿನ ಕಟ್ಟೆ ಮೇಲೆ. ಅವರಿಗೆ ಶಾಲು, ಹಾರ. ನಮಗೆ ಚಹಾ. ಶಾಲಿನ ಆಸೆ ನನಗಿಲ್ಲ ಬಿಡಿ. ಆದರೆ ಮಕ್ಕಳು ಇದನ್ನೆಲ್ಲ ನೋಡುತ್ತಾ ಇರುತ್ತಾರೆ.

ನನ್ನ ಅಂಗಡಿಗೆ ಆಗಾಗ ಬರುವ ಐಟಿಐ ಮಾಸ್ತರರೊಬ್ಬರ ಹತ್ತಿರ ಈ ಬೇಜಾರು ಹೇಳಿಕೊಂಡೆ. ಅವರು ಒಂದು ಮಾತು ಹೇಳಿದರು. 1981ರಲ್ಲಿ ಲಿಂಡಾ ಗಾಟ್‌ಫ್ರೆಡ್‌ಸನ್ ಅನ್ನುವ ಅಮೆರಿಕದ ಸಂಶೋಧಕಿ, ಮಕ್ಕಳು ಕೆಲಸಗಳನ್ನು ಹೇಗೆ ಆರಿಸುತ್ತಾರೆ ಅನ್ನುವುದಕ್ಕಿಂತ ಹೇಗೆ ಕೈಬಿಡುತ್ತಾರೆ ಅಂತ ವಿವರಿಸಿದರಂತೆ. ಆರರಿಂದ ಎಂಟು ವರ್ಷದೊಳಗೆ "ಇದು ಹುಡುಗರ ಕೆಲಸ, ಇದು ಹುಡುಗಿಯರ ಕೆಲಸ" ಅಂತ ಒಂದಿಷ್ಟು ಬಿಡುತ್ತಾರೆ. ಒಂಬತ್ತರಿಂದ ಹದಿಮೂರರೊಳಗೆ "ಇದು ಮರ್ಯಾದೆ ಇಲ್ಲದ ಕೆಲಸ" ಅಂತ ಇನ್ನೊಂದಿಷ್ಟು ಬಿಡುತ್ತಾರೆ. ನನಗೇನು ಇಷ್ಟ, ನನಗೇನು ಬರುತ್ತೆ ಅಂತ ನೋಡುವುದು ಅದಾದ ಮೇಲೆ, ಉಳಿದಿದ್ದರೊಳಗೆ. ಅಂದರೆ ನಿಮ್ಮ ಎಂಟನೇ ತರಗತಿ ಮಗು ಕೂತಿರುವುದು ಸರಿಯಾಗಿ ಆ ಎರಡನೇ ಬಾಗಿಲು ಮುಚ್ಚುವ ಹೊತ್ತಿನಲ್ಲಿ. ಕಟ್ಟೆ ಮತ್ತು ಹಾಲಿನ ವ್ಯತ್ಯಾಸ ನನಗೆ ಚುಚ್ಚಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವತ್ತು ಹುಡುಗಿಯರ ಗುಂಪು ನನ್ನ ಮೇಜಿಗೆ ಬಂದಾಗ ಜೊತೆಗಿದ್ದವರೊಬ್ಬರು "ಇದು ನಿಮಗಲ್ಲ, ಸುಮ್ನೆ ನೋಡ್ಕೊಂಡು ಬರ್ರಿ" ಅಂದಿದ್ದೂ ನೆನಪಾಯಿತು.

ಬರೀ ದೂರು ಹೇಳಿದರೆ ಪ್ರಯೋಜನವಿಲ್ಲ. ನನ್ನ ಮಗಳ ಶಿಕ್ಷಕಿಯನ್ನು ಕೇಳಿಕೊಂಡೆ. ಒಂದು ಶನಿವಾರ ಎಂಟು ಮಕ್ಕಳನ್ನು ಕರೆದುಕೊಂಡು ಅವರೇ ಅಂಗಡಿಯ ಹಿತ್ತಲಿಗೆ ಬಂದರು. ನಾಲ್ಕು ಹುಡುಗಿಯರು, ನಾಲ್ಕು ಹುಡುಗರು. ಈ ಸಲ ತಂತಿ ಸುತ್ತಿಸಲಿಲ್ಲ. ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿ ಗುಜರಿಯ ಮೂರು ಸುಟ್ಟ ಮೋಟಾರ್ ಬಾಡಿ ಇಟ್ಟೆ. ಮೂರೂ 5 ಎಚ್‌ಪಿ ಪಂಪಿನವು, ಬಾಯಿ ತೆರೆದವು, ಒಳಗಿನ ಕಾಯಿಲ್ ಕಾಣುವಂಥವು. ಬೋರ್‌ವೆಲ್ ಮೋಟಾರ್ ಬೇಕಂತಲೇ ಇಡಲಿಲ್ಲ. ಅದರ ಬಾಡಿ ಕೊಳವೆಯಂತೆ ಉದ್ದ, ತಂತಿಗೆ ಪ್ಲಾಸ್ಟಿಕ್ ಹೊದಿಕೆ, ಸುಟ್ಟಿದ್ದು ಇಷ್ಟು ಚೆನ್ನಾಗಿ ಕಾಣಲ್ಲ.

ಕೆಲಸ ಒಂದೇ: "ಈ ಮೂರು ಯಾಕೆ ಸುಟ್ಟವು? ನೋಡಿ ಹೇಳ್ರಿ." ಕರೆಂಟ್ ಇಲ್ಲ, ಪ್ಲಗ್ ಇಲ್ಲ, ಸ್ಕ್ರೂಡ್ರೈವರ್ ಕೂಡ ಇಲ್ಲ. ಒಂದು ಟಾರ್ಚ್, ಬಿಳಿ ಹಾಳೆ, ಪೆನ್ಸಿಲ್.

ಇದರ ಹಿಂದಿನ ಲೆಕ್ಕ ಹೀಗಿದೆ. ಮೂರು ಫೇಸಿನ ಮೋಟಾರಿನಲ್ಲಿ ಒಂದೊಂದು ಫೇಸಿಗೆ ಒಂದೊಂದು ಜೊತೆ ಕಾಯಿಲ್ ಇರುತ್ತವೆ. ಅವು ಬಾಡಿಯೊಳಗೆ ಸುತ್ತಲೂ ಸರದಿ ಪ್ರಕಾರ ಕೂತಿರುತ್ತವೆ: ಒಂದು, ಎರಡು, ಮೂರು, ಮತ್ತೆ ಒಂದು, ಎರಡು, ಮೂರು. ಮೋಟಾರ್ ಓಡುತ್ತಿರುವಾಗ ಒಂದು ಫೇಸ್ ಹೋಯಿತು ಅಂದುಕೊಳ್ಳಿ. ಮೋಟಾರ್ ನಿಲ್ಲಲ್ಲ, ಗುಂಯ್ ಅಂತ ಓಡುತ್ತಲೇ ಇರುತ್ತೆ, ಆದರೆ ಭಾರ ಎಲ್ಲ ಕಾಯಿಲ್‌ಗಳ ಮೇಲೆ ಸಮ ಬೀಳಲ್ಲ. 5 ಎಚ್‌ಪಿ ಮೋಟಾರುಗಳು ಸಾಮಾನ್ಯವಾಗಿ ಡೆಲ್ಟಾ ಜೋಡಣೆಯವು. ಅದರಲ್ಲಿ ಒಂದು ಫೇಸಿನ ಕಾಯಿಲ್ ಮಾತ್ರ ಜಾಸ್ತಿ ಕರೆಂಟ್ ಎಳೆದು ಕರ್ರಗಾಗುತ್ತೆ, ಉಳಿದ ಎರಡು ಕೆಂಪಗೇ ಉಳಿಯುತ್ತವೆ. ಸ್ಟಾರ್ ಜೋಡಣೆಯಾದರೆ ಉಲ್ಟಾ, ಎರಡು ಕರಿ, ಒಂದು ಕೆಂಪು. ಓವರ್‌ಲೋಡ್ ಆಗಿದ್ದರೆ, ಇಲ್ಲ ವೋಲ್ಟೇಜ್ ಕಡಿಮೆ ಇದ್ದು ಎಳೆದೂ ಎಳೆದೂ ಸುಟ್ಟಿದ್ದರೆ, ಸುತ್ತಲೂ ಒಂದೇ ಸಮ ಕರಿ. ಇನ್ನು ಕಾಯಿಲ್ ಕೂರುವ ಸ್ಲಾಟಿನಲ್ಲಿ ಹಾಸಿದ ಕಾಗದ ಹರಿದು ತಂತಿ ಬಾಡಿಗೆ ತಾಗಿದ್ದರೆ ಎಲ್ಲವೂ ಚೆನ್ನಾಗಿರುತ್ತೆ, ಒಂದೇ ಜಾಗದಲ್ಲಿ ತೂತು ಬಿದ್ದು ತಾಮ್ರ ಕರಗಿ ಸಾಸಿವೆ ಕಾಳಿನಂತೆ ಹನಿಗಟ್ಟಿರುತ್ತೆ. ನಾನು ಈ ಮೂರು ಥರದವನ್ನು ಒಂದೊಂದು ಇಟ್ಟಿದ್ದೆ.

ಇದ್ಯಾವುದನ್ನೂ ಮೊದಲೇ ಹೇಳಲಿಲ್ಲ. ಅಷ್ಟೇ ನನಗೆ ಕಷ್ಟವಾಗಿದ್ದು. ಬಾಯಿ ಮುಚ್ಚಿಕೊಂಡು ಕೂರುವುದು ನಮ್ಮಂಥವರಿಗೆ ಬರಲ್ಲ. ಕೈಯೂ ಸುಮ್ನೆ ಇರಲ್ಲ, ಮಗು ತಡವರಿಸಿದ ತಕ್ಷಣ ಕಿತ್ತುಕೊಂಡು ಮಾಡಿಬಿಡುತ್ತೇವೆ. ಅವತ್ತು ಎರಡು ಕೈಯನ್ನೂ ತೊಡೆ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಮೊದಲ ಐದು ನಿಮಿಷ ಮಕ್ಕಳು ವಾಸನೆಗೆ ಮೂಗು ಹಿಡಿದುಕೊಂಡರು. ಆಮೇಲೆ ಒಬ್ಬಳು ಟಾರ್ಚ್ ಒಳಗೆ ಬಿಟ್ಟು ಹಾಳೆ ಮೇಲೆ ಒಂದು ದುಂಡಗಿನ ಗೆರೆ ಎಳೆದು, ಕರಿ ಕಂಡಲ್ಲಿ ಪೆನ್ಸಿಲ್ ತಿಕ್ಕುತ್ತಾ ಹೋದಳು. ಅರ್ಧ ಸುತ್ತು ಬರುವಷ್ಟರಲ್ಲಿ ನಿಂತಳು. ಬೆರಳಿಟ್ಟು ಎಣಿಸಿದಳು. "ಕಾಕಾ, ಇದು ಹೆಂಗ್ ಬೇಕ್ ಹಂಗ್ ಸುಟ್ಟಿಲ್ಲ. ಒಂದು ಕರಿ, ಎರಡು ಕೆಂಪ. ಮತ್ತ ಒಂದು ಕರಿ, ಎರಡು ಕೆಂಪ. ಲೆಕ್ಕ ಹಚ್ಚಿ ಸುಟ್ಟಂಗ ಐತಿ." ನನ್ನ ಹತ್ತಿರ ಕಲಿಯಲು ಬಂದ ಹುಡುಗರಲ್ಲಿ ಕೆಲವರಿಗೆ ಇದು ಕಾಣಲು ತಿಂಗಳುಗಟ್ಟಲೆ ಹಿಡಿದಿದೆ. ಆಗ ಮಾತ್ರ ನಾನು ಮೂರು ಫೇಸಿನ ಸರದಿ ಹೇಳಿದೆ. ಉಳಿದದ್ದು ಅವರೇ ಜೋಡಿಸಿಕೊಂಡರು.

ಎರಡನೇ ಮೋಟಾರಿನಲ್ಲಿ ನಿಜವಾದ ಮಜಾ ಬಂತು. ಅದು ಸುತ್ತಲೂ ಕರಿ. ಒಬ್ಬ ಓವರ್‌ಲೋಡ್ ಅಂದ, ಇನ್ನೊಬ್ಬ ವೋಲ್ಟೇಜ್ ಅಂದ, ಜಗಳ ಶುರುವಾಯಿತು. ನಿಜ ಹೇಳಬೇಕೆಂದರೆ, ಬಾಡಿ ನೋಡಿ ಅಷ್ಟು ಹೇಳಲು ನನಗೂ ಆಗಲ್ಲ. ಬೇರಿಂಗ್ ಹಿಡಿದುಕೊಂಡು ಸುಟ್ಟರೂ ಹಾಗೇ ಕಾಣುತ್ತೆ. ಅಲ್ಲಿಂದ ಮುಂದೆ ಗಿರಾಕಿಯನ್ನೇ ಕೇಳಬೇಕು. ಅದಕ್ಕೆ ನಾನೇ ಪಂಪಿನ ಮಾಲೀಕನಾದೆ, ಟವೆಲ್ ಹೆಗಲಿಗೆ ಹಾಕಿಕೊಂಡು "ಕೇಳ್ರಿ" ಅಂದೆ. ಒಬ್ಬ "ಮೋಟಾರ್ ಸಪ್ಪಳ ಬ್ಯಾರೆ ಬರ್ತಿತ್ತೇನ್ರಿ?" ಅಂದ. ಒಳ್ಳೆಯ ಪ್ರಶ್ನೆ, ಬೇರಿಂಗ್ ಹೋಗಿದ್ದರೆ ಅದೇ ಗುರುತು. ಇಲ್ಲ ಅಂದೆ. ಅಲ್ಲಿಯವರೆಗೆ ಬಾಯಿಯೇ ಬಿಡದ ಒಬ್ಬ ಹುಡುಗಿ ಹಿಂದಿನಿಂದ ಕೇಳಿದಳು: "ನಿಮ್ಮ ಬಾಜೂ ಹೊಲದವರ ಮೋಟಾರೂ ಸುಟ್ಟಾವೇನ್ರಿ?"

ನಾನು ಟವೆಲ್ ತೆಗೆದು ಕೆಳಗಿಟ್ಟೆ. ಒಂದೇ ಟ್ರಾನ್ಸ್‌ಫಾರ್ಮರ್ ಮೇಲೆ ಇರುವ ನಾಲ್ಕಾರು ಪಂಪು ಒಂದೇ ವಾರದಲ್ಲಿ ಸುಟ್ಟಿದ್ದರೆ ತಪ್ಪು ಮೋಟಾರಿನದಲ್ಲ, ವೋಲ್ಟೇಜಿನದು. ಒಂದೇ ಸುಟ್ಟಿದ್ದರೆ ಆ ಪಂಪನ್ನೇ ನೋಡಬೇಕು. ಗಿರಾಕಿ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಆಮೇಲೆ ಗೊತ್ತಾಯಿತು, ಆ ಹುಡುಗಿಯ ಮನೆಯಲ್ಲಿ ಹೋದ ಬೇಸಿಗೆಯಲ್ಲಿ ಎರಡು ಸಲ ಮೋಟಾರ್ ಸುಟ್ಟಿತ್ತಂತೆ. ಅಪ್ಪ ಅಕ್ಕಪಕ್ಕದವರ ಜೊತೆ ಮಾತಾಡುವುದನ್ನು ಕೇಳಿಸಿಕೊಂಡಿದ್ದಳು. ಶಾಲೆಯಲ್ಲಿ ಅವಳ ವಿಜ್ಞಾನದ ಅಂಕ ಕಡಿಮೆ ಅಂತ ಶಿಕ್ಷಕಿ ಹೇಳಿದರು. ಅದರ ಮೇಲೆ ನಾನೇನೂ ಹೇಳಲ್ಲ.

ಮೂರನೆಯದನ್ನು ಯಾರೂ ಸರಿಯಾಗಿ ಹೇಳಲಿಲ್ಲ. ಆ ಸಾಸಿವೆ ಹನಿ ಕಂಡರೂ ಇಲಿ ಕಡಿದಿದೆ ಅಂದರು. ಇರಲಿ, ಅದೂ ಕೆಟ್ಟ ಊಹೆಯಲ್ಲ, ಇಲಿ ಕಡಿದ ಮೋಟಾರೂ ಬಂದಿವೆ.

ಇಷ್ಟಕ್ಕೆ ಹಿಡಿದದ್ದು ನಲವತ್ತು ನಿಮಿಷ. ಕೊನೆಯಲ್ಲಿ ಈ ಕೆಲಸದ ಕೆಟ್ಟದ್ದನ್ನೂ ಹೇಳಿದೆ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಮುಗಿಯಲ್ಲ, ಕಬ್ಬು ಒಣಗುತ್ತಿರುವವನು ತಲೆ ಮೇಲೆ ನಿಂತಿರುತ್ತಾನೆ. ಮಳೆಗಾಲದಲ್ಲಿ ಕೆಲವು ವಾರ ಬೋಣಿಯೂ ಆಗಲ್ಲ. ಉದ್ರಿ ವಸೂಲಿ ಅಂತೂ ಬೇರೆಯೇ ಒಂದು ಕೆಲಸ. ಒಬ್ಬ ಹುಡುಗ ನೇರವಾಗಿ "ಕಾಕಾ, ನನಗ ಈ ವಾಸನಿ ತಡಿಯಾಕ ಆಗಂಗಿಲ್ಲ, ನಾ ಇದನ್ನ ಮಾಡಂಗಿಲ್ಲ" ಅಂದ. ಶಿಕ್ಷಕಿಗೆ ಮುಜುಗರ ಆಯಿತು. ನನಗೆ ಖುಷಿಯಾಯಿತು. ಎರಡು ವರ್ಷ ಐಟಿಐ ಮುಗಿಸಿ, ಅಂಗಡಿಗೆ ಸೇರಿ, ಆಮೇಲೆ ಆ ಮಾತು ಹೇಳುವುದಕ್ಕಿಂತ ಹದಿಮೂರಕ್ಕೆ ಹೇಳಿದರೆ ಅವನಿಗೂ ಒಳ್ಳೆಯದು, ಮುಂದೆ ಅವನನ್ನು ಇಟ್ಟುಕೊಳ್ಳುವವನಿಗೂ ಒಳ್ಳೆಯದು.

ಈಗ ನನ್ನ ಕೋರಿಕೆ.

ಮೊದಲನೆಯದು ಸಮಯದ್ದು. ಹನ್ನೆರಡು ಮೇಜು, ತಲಾ ಹತ್ತು ನಿಮಿಷ ಅಂದರೆ 120 ನಿಮಿಷ. ಮೂರು ಮೇಜು, ತಲಾ ನಲವತ್ತು ನಿಮಿಷ ಅಂದರೂ 120 ನಿಮಿಷವೇ. ಹನ್ನೆರಡು ಮೇಜೂ ಇರಲಿ, ಒಂದೊಂದರಲ್ಲಿ ಎಂಟೇ ಮಕ್ಕಳಿರಲಿ, ಆದರೆ ಒಂದು ಮಗು ಮೂರಕ್ಕೆ ಮಾತ್ರ ಹೋಗಲಿ. ಉಳಿದ ಒಂಬತ್ತು ತಪ್ಪುತ್ತವಲ್ಲ ಅಂತ ನೀವು ಕೇಳಬಹುದು. ತಪ್ಪುತ್ತವೆ. ಹತ್ತು ನಿಮಿಷದಲ್ಲಿ ಓಡಿಹೋದಾಗಲೂ ಅವು ಸಿಕ್ಕಿರಲಿಲ್ಲ, ಸಿಕ್ಕವು ಅಂತ ಅನ್ನಿಸಿತ್ತು ಅಷ್ಟೇ. ಮರುದಿನ ತರಗತಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿ ಒಳಗೆ ಹತ್ತು ದಿನ ಬ್ಯಾಗಿಲ್ಲದೆ ಊರಿನ ಕಸುಬುದಾರರ ಹತ್ತಿರ ಮಕ್ಕಳು ಕಲಿಯಬೇಕು ಅಂತ ಬರೆದಿದ್ದಾರೆ. ಆ ನೀತಿ ನಮ್ಮ ರಾಜ್ಯಕ್ಕೆ ಬೇಕೋ ಬೇಡವೋ ಅನ್ನುವ ಜಗಳ ದೊಡ್ಡವರದು. ಹತ್ತು ದಿನ ಬೇಡ, ನಲವತ್ತು ನಿಮಿಷ ಕೊಡಿ ಅಂತ ನಾನು ಕೇಳುತ್ತಿದ್ದೇನೆ.

ಆ ಮೂರರಲ್ಲಿ ಒಂದನ್ನು ಮಗುವೇ ಆರಿಸಲಿ. ಇನ್ನೆರಡನ್ನು ಚೀಟಿ ಎತ್ತಿ ಕೊಡಿ. ಎಲ್ಲವನ್ನೂ ಅವರಿಗೇ ಬಿಟ್ಟರೆ ಹುಡುಗರು ಪೊಲೀಸ್ ಮೇಜಿಗೆ, ಹುಡುಗಿಯರು ಪಾರ್ಲರ್ ಮೇಜಿಗೆ ಹೋಗುತ್ತಾರೆ. ಯಾರನ್ನು ಎಲ್ಲಿಗೆ ಅಂತ ಶಿಕ್ಷಕರು ಹಂಚಿದರೂ ಅದೇ ಆಗುತ್ತೆ. ಚೀಟಿಗೆ ಹುಡುಗ, ಹುಡುಗಿ ಅಂತ ಗೊತ್ತಿರಲ್ಲ. ಮೇಜುಗಳ ಜಾಗಕ್ಕೂ ಚೀಟಿಯನ್ನೇ ಎತ್ತಿ. ಡಾಕ್ಟರು ಕಟ್ಟೆ ಮೇಲೆ ಕೂತರೆ ಅವರೇನೂ ಬೇಜಾರು ಮಾಡಿಕೊಳ್ಳಲ್ಲ.

ಕರೆಯುವ ಮುಂಚೆ ಪ್ರತಿಯೊಬ್ಬ ಕಸುಬುದಾರರನ್ನೂ ಒಂದು ಪ್ರಶ್ನೆ ಕೇಳಿ: "ನಿಮ್ಮ ಕೆಲಸದಲ್ಲಿ ಹೊಸಬರು ಎಲ್ಲಿ ತಪ್ಪುತ್ತಾರೆ?" ಅವರು ಹೇಳುವ ಆ ಜಾಗವೇ ಮಕ್ಕಳಿಗೆ ಕೊಡುವ ಕೆಲಸ. ಟೇಲರಮ್ಮನನ್ನು ಕೇಳಿದೆ, ಗುಂಡಿ ಅಲ್ಲವೇ ಅಲ್ಲ, ಕಡಿಮೆ ಬಟ್ಟೆಯಲ್ಲಿ ಅಳತೆ ಹೊಂದಿಸುವುದು ಅಂದರು. ಹಳೇ ಪೇಪರ್ ಮೇಲೆ ಜಂಪರಿನ ತುಂಡುಗಳನ್ನು ಹೊಂದಿಸಿ ನೋಡಲು ಕೊಟ್ಟರೆ ಅದೇ ಸಾಕು. ನರ್ಸ್ ಒಬ್ಬರು ನಾಡಿ ಎಣಿಸುವುದು ಅಂದರು. ಮೂರು ಮಕ್ಕಳು ಒಬ್ಬನದೇ ನಾಡಿಯನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಲಿ. ಮೂವರದೂ ಬೇರೆ ಬೇರೆ ಬರಬಹುದು. ಹಾಗಾದರೆ ರೋಗಿಯ ಚೀಟಿಯಲ್ಲಿ ಯಾವುದನ್ನು ಬರೆಯುತ್ತೀರಿ? ಕೋಟು ಹಾಕಿ ಫೋಟೋ ತೆಗೆಯುವುದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ? ಒಂದು ಗುರುತು ಇಟ್ಟುಕೊಳ್ಳಿ: ಎಂಟೂ ಮಕ್ಕಳು ಒಂದೇ ಥರದ್ದನ್ನು ಮಾಡಿ ಮುಗಿಸಿದರು ಅಂದರೆ ಅಲ್ಲಿ ನಡೆದದ್ದು ಕರಕುಶಲ ತರಗತಿ. ಜಗಳ ಬಿದ್ದಿದ್ದರೆ ಕೆಲಸ ಸರಿಯಾಗಿದೆ.

ಸುರಕ್ಷತೆ ವಿಷಯದಲ್ಲಿ ಸಡಿಲ ಬೇಡ. ಮಕ್ಕಳ ಕೈಗೆ ಮನೆ ಕರೆಂಟ್ ಯಾವ ಮೇಜಿನಲ್ಲೂ ಬರಬಾರದು. ನನ್ನ ಮೇಜಿನಲ್ಲಿ ತಂತಿಯ ತುದಿ, ಸ್ಲಾಟಿನ ಅಂಚು ಕೈ ಕೊಯ್ಯುತ್ತವೆ, ಅದಕ್ಕೆ ಹಿಂದಿನ ದಿನವೇ ಅರ ಹಚ್ಚಿ, ಮಸಿ ಒರೆಸಿ ಇಟ್ಟಿದ್ದೆ. ಹಳೇ ವೈಂಡಿಂಗ್ ಸುಟ್ಟು ತೆಗೆಯುವ ಹೊಗೆಯ ಹತ್ತಿರಕ್ಕೂ ಮಕ್ಕಳನ್ನು ಬಿಡಬಾರದು. ಇನ್ನೊಂದು ಮಾತು, ನಮ್ಮವರಿಗೇ ಬೇಜಾರಾದರೂ ಹೇಳುತ್ತೇನೆ. ಗಿರಾಕಿಯ ಮೋಟಾರನ್ನು ಮಕ್ಕಳಿಂದ ಮಾಡಿಸಬಾರದು. "ಹುಡುಗ ಚುರುಕಿದ್ದಾನೆ, ರಜೆಗೆ ಅಂಗಡಿಗೆ ಕಳಿಸ್ರಿ" ಅನ್ನುವವರು ಇದ್ದಾರೆ. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ, 2016ರ ತಿದ್ದುಪಡಿ ಬಂದ ಮೇಲೆ ಇನ್ನೂ ಬಿಗಿಯಾಗಿದೆ. ಪರಿಚಯ ಮಾಡಿಸುವ ನೆಪದಲ್ಲಿ ಆ ಬಾಗಿಲು ತೆರೆಯಬಾರದು. ಜೊತೆಗೆ ಒಬ್ಬ ಶಿಕ್ಷಕರು ಇರಲೇಬೇಕು, ವಸ್ತು ಗುಜರಿಯದೇ ಇರಬೇಕು.

ಕೊನೆಯ ಆ ಟಿಕ್ ಹಾಳೆಯನ್ನು ದಯವಿಟ್ಟು ಬಿಡಿ. ಏನಾಗುತ್ತೀಯ ಅಂತ ಕೇಳಿದರೆ ಹದಿಮೂರರ ಮಗು ಮನೆಯಲ್ಲಿ ಹೇಳಿಕೊಟ್ಟದ್ದನ್ನೇ ಬರೆಯುತ್ತೆ. ಬದಲಿಗೆ ಎರಡು ಕೇಳಿ: ಯಾವ ಹೊತ್ತಿನಲ್ಲಿ ಗಂಟೆ ಯಾವಾಗ ಬಾರಿಸುತ್ತೋ ಅನ್ನಿಸಿತು? ಯಾವ ಹೊತ್ತಿನಲ್ಲಿ ಗಂಟೆ ಬಾರಿಸಬಾರದಿತ್ತು ಅನ್ನಿಸಿತು? ಆ ಉತ್ತರವನ್ನು ಎಸ್‌ಎಸ್‌ಎಲ್‌ಸಿವರೆಗೆ ಜೋಪಾನವಾಗಿ ಇಟ್ಟು, ಮುಂದೇನು ಅಂತ ಮನೆಯವರು ಕೇಳಲು ಬಂದ ದಿನ ತೆಗೆದು ತೋರಿಸಿ.

ಎಸ್‌ಡಿಎಂಸಿಯವರಿಗೆ ಒಂದು ಮಾತು. ಬಡಗಿ, ನೇಕಾರ, ಟೇಲರ್ ಅರ್ಧ ದಿನ ಬಂದರೆ ಅರ್ಧ ದಿನದ ದುಡಿಮೆ ಹೋಗುತ್ತೆ. ಶಾಲು, ಹಾರದ ಖರ್ಚು ಉಳಿಸಿ ಆ ದುಡ್ಡನ್ನು ಕೂಲಿ ಅಂತ ಅವರ ಕೈಗೆ ಕೊಡಿ. ನನಗೆ ಬೇಡ, ನನ್ನದು ನಡೆಯುತ್ತೆ.

ಆ ಮೂರು ಬಾಡಿಗಳನ್ನು ಗುಜರಿಗೆ ಹಾಕಿಲ್ಲ. ಒಳಗಿನ ತಾಮ್ರಕ್ಕೆ ಒಳ್ಳೆಯ ರೇಟ್ ಇದೆ, ಯಾಕೆ ಇಟ್ಟಿದ್ದೀರಿ ಅಂತ ಮನೆಯವರು ಎರಡು ಸಲ ಕೇಳಿದರು. ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಕೆಳಗೆ ಇಟ್ಟಿದ್ದೇನೆ. ನಮ್ಮ ತಾಲೂಕಿನ ಯಾವ ಶಾಲೆಯವರು ಕರೆದರೂ ನಾನೇ ಗಾಡಿಗೆ ಹಾಕಿಕೊಂಡು ತರುತ್ತೇನೆ. ಫೆಬ್ರವರಿ ದಾಟಿದರೆ ಸೀಸನ್ ಶುರುವಾಗುತ್ತೆ, ಆಮೇಲೆ ಕರೆದರೆ ಬರಲು ಆಗಲ್ಲ. ದಸರಾ ರಜೆ ಮುಗಿದ ಮೇಲೆ ಯಾವ ಶನಿವಾರವಾದರೂ ಸರಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮೋಟಾರ್ ರಿವೈಂಡಿಂಗ್ ಕೆಲಸಗಾರ, ಎಂಟನೇ ತರಗತಿ ಓದುವ ಮಗಳ ತಂದೆ
ಮುಧೋಳ ತಾಲೂಕು, ಬಾಗಲಕೋಟೆ ಜಿಲ್ಲೆ